23 ಬುಧವಾರ ಅಲ್ಲ, ಗುರುವಾರ

ಬೆಂಗಳೂರಿನ ಸಾಫ್ಟ್‌ವೇರ್ ತಂಡವೊಂದರ ಲೀಡ್ 2025ರ ಅಕ್ಟೋಬರ್ 10ರಂದು, ಶುಕ್ರವಾರ ಮಧ್ಯಾಹ್ನ, ಒಂದು ಮೇಲ್ ಬರೆದು ಕಳಿಸುವ ಮುನ್ನ ಪಕ್ಕದ ಸೀಟಿನ ಹಿರಿಯ ಟೆಸ್ಟರ್‌ಗೆ ತೋರಿಸಿದರು ಎಂದುಕೊಳ್ಳೋಣ. ಇಂಗ್ಲಿಷಿನಲ್ಲಿದ್ದ ಅದರ ಸಾರ ಇಷ್ಟು:

‘ದೀಪಾವಳಿ ಪ್ರಯುಕ್ತ ರಜಾ ಪಟ್ಟಿಯಲ್ಲಿ ಬದಲಾವಣೆ ಆಗಿದೆ. ಅಕ್ಟೋಬರ್ 20 ಸೋಮವಾರದಿಂದ 23 ಬುಧವಾರದವರೆಗೆ ಆಫೀಸು ಮುಚ್ಚಿರುತ್ತದೆ. ಇದಕ್ಕೆ ಬದಲಾಗಿ ಮುಂದಿನ ಶನಿವಾರ ಕೆಲಸ ಇರುತ್ತದೆ. ವಿವರಕ್ಕೆ ಜೊತೆಗಿರುವ ಪಟ್ಟಿ ನೋಡಿ.’

ಕಾಗುಣಿತ ಸರಿಯಿದೆ, ವ್ಯಾಕರಣ ಸರಿಯಿದೆ. ಕಂಪ್ಯೂಟರ್ ಒಂದು ಪದದ ಕೆಳಗೂ ಕೆಂಪು ಗೆರೆ ಎಳೆದಿಲ್ಲ. ಆದರೂ ಈ ಮೇಲ್ ಹೀಗೇ ಹೋದರೆ ಒಬ್ಬರು ಗುರುವಾರ ಬೀಗ ಹಾಕಿದ ಆಫೀಸಿನ ಮುಂದೆ ನಿಲ್ಲುತ್ತಾರೆ, ಇನ್ನೊಬ್ಬರು ಕೆಲಸದ ದಿನ ಊರಲ್ಲಿ ಆರಾಮವಾಗಿರುತ್ತಾರೆ. ರಜೆಯ ಮೇಲ್‌ನಲ್ಲಿ ತಪ್ಪು ಅಡಗಿಕೊಳ್ಳುವುದು ಅಕ್ಷರಗಳಲ್ಲಿ ಅಲ್ಲ, ತಾರೀಖುಗಳಲ್ಲಿ. ಹಾಗಾಗಿ ಅದನ್ನು ತಿದ್ದುವ ಕ್ರಮವೂ ಬೇರೆ.

ಟೆಸ್ಟರ್ ಮೊದಲು ಮೇಲ್ ಓದಲೇ ಇಲ್ಲ. ಕ್ಯಾಲೆಂಡರ್ ತೆರೆದು, ಮೇಲ್‌ನಲ್ಲಿದ್ದ ತಾರೀಖು ಮತ್ತು ವಾರಗಳನ್ನಷ್ಟೇ ಒಂದೊಂದಾಗಿ ಅದರ ಜೊತೆ ತಾಳೆ ನೋಡಿದರು. 20 ಸೋಮವಾರ, ಸರಿ. 23 ಬುಧವಾರ ಅಲ್ಲ, ಗುರುವಾರ. ವಾಕ್ಯದ ಓಟದಲ್ಲಿ ಓದುವಾಗ ಕಣ್ಣು ಇಂಥದ್ದನ್ನು ಹಿಡಿಯುವುದಿಲ್ಲ, ಅರ್ಥ ಸಿಕ್ಕ ಕೂಡಲೇ ಮುಂದಕ್ಕೆ ಜಾರಿಬಿಡುತ್ತದೆ. ಅಂಕಿಗಳಿಗೇ ಬೇರೆಯಾಗಿ ಒಂದು ಸುತ್ತು ಓದು ಬೇಕಾಗುವುದು ಅದಕ್ಕೆ.

ಈ ತಪ್ಪು ಬಂದದ್ದಾದರೂ ಎಲ್ಲಿಂದ? ಹಿಂದಿನ ವರ್ಷದ ಕ್ಯಾಲೆಂಡರ್ ನೋಡಿದರೆ ಸುಳಿವು ಸಿಗುತ್ತದೆ. 2024ರಲ್ಲಿ ಅಕ್ಟೋಬರ್ 23 ಬುಧವಾರವೇ ಆಗಿತ್ತು. 365 ದಿನ ಎಂದರೆ 52 ವಾರ ಮತ್ತು ಒಂದು ದಿನ. ಆ ಒಂದು ದಿನದಿಂದಾಗಿ ಅದೇ ತಾರೀಖಿನ ವಾರ ಮರುವರ್ಷ ಒಂದು ದಿನ ಮುಂದಕ್ಕೆ ಬೀಳುತ್ತದೆ, ನಡುವೆ ಫೆಬ್ರವರಿ 29 ಬಂದರೆ ಎರಡು. ವಾರವು ಸರಿಯಾಗಿ ಒಂದು ದಿನ ಹಿಂದಿದ್ದರೆ ಯಾರೋ ಹಳೆಯ ವರ್ಷದ ಕ್ಯಾಲೆಂಡರ್ ತೆರೆದಿಟ್ಟುಕೊಂಡು ಬರೆದಿರಬಹುದೆಂದು ಅನುಮಾನಿಸಬಹುದು. ಆದರೆ ಅದು ಅನುಮಾನ ಮಾತ್ರ. 22ರ ಬುಧವಾರವೇ ಕೊನೆಯ ರಜೆಯಾಗಿದ್ದು, ಬೆರಳು ತಪ್ಪಿ 23 ಆಗಿರಲೂಬಹುದು.

ಮೇಲ್ ತಿದ್ದುವವರು ಎಡವುವುದು ಇಲ್ಲೇ. ಬುಧವಾರವನ್ನು ಗುರುವಾರ ಮಾಡಿದರೂ, 23ನ್ನು 22 ಮಾಡಿದರೂ ವಾಕ್ಯ ಸರಿಯಾಗಿಯೇ ಕಾಣುತ್ತದೆ. ಆದರೆ ಒಂದು ತಿದ್ದುಪಡಿ ತಂಡಕ್ಕೆ ಇಲ್ಲದ ರಜೆ ಕೊಡುತ್ತದೆ, ಇನ್ನೊಂದು ಇರುವ ರಜೆ ಕಿತ್ತುಕೊಳ್ಳುತ್ತದೆ. ಊಹೆಯಿಂದ ತಿದ್ದುವಂತಿಲ್ಲ, ಬರೆದವರನ್ನೇ ಕೇಳಬೇಕು.

“ಸರ್, ಕೊನೇ ದಿನ ಯಾವುದು? 22ರ ಬುಧವಾರವೋ, 23ರ ಗುರುವಾರವೋ?”

“ರಜೆ ಬುಧವಾರದವರೆಗೆ. ಗುರುವಾರ ಬಿಲ್ಡಿಂಗ್‌ನಲ್ಲಿ ಎಲೆಕ್ಟ್ರಿಕಲ್ ಕೆಲಸ ಇದೆ, ಯಾರೂ ಬರೋ ಹಾಗಿಲ್ಲ.”

“ಅಂದ್ರೆ ಗುರುವಾರ ವರ್ಕ್ ಫ್ರಮ್ ಹೋಮಾ?”

“ಹೌದು, ರಜೆ ಅಲ್ಲ.”

ಒಂದು ತಾರೀಖು ಕೇಳಲು ಹೋಗಿ ಅದಕ್ಕಿಂತ ದೊಡ್ಡ ಗೊಂದಲ ಹೊರಬಿತ್ತು. ಆಫೀಸು ಮುಚ್ಚಿರುವುದು ಬೇರೆ, ರಜೆ ಇರುವುದು ಬೇರೆ. ಮನೆಯಿಂದ ಕೆಲಸ ಮಾಡುವುದು ರೂಢಿಯಾದ ಮೇಲೆ ಈ ಎರಡೂ ಒಂದೇ ಅಲ್ಲ. ‘ಆಫೀಸು ಮುಚ್ಚಿರುತ್ತದೆ’ ಎಂಬ ಒಂದೇ ಮಾತಿನಲ್ಲಿ ಲೀಡ್ ಮೂರು ದಿನದ ರಜೆಯನ್ನೂ ಒಂದು ದಿನದ ದುರಸ್ತಿಯನ್ನೂ ತುಂಬಿಬಿಟ್ಟಿದ್ದರು. ಬರೆದವರಿಗೆ ಹಿನ್ನೆಲೆ ಗೊತ್ತಿರುವುದರಿಂದ ಅವರಿಗದು ಸ್ಪಷ್ಟ. ಓದುವವರ ಕೈಯಲ್ಲಿರುವುದು ಆ ನಾಲ್ಕು ಸಾಲು ಮಾತ್ರ.

ಮುಂದಿನದು ‘ಮುಂದಿನ ಶನಿವಾರ’. ಶುಕ್ರವಾರ ಓದಿದವರಿಗೆ ಅದು 18 ಆಗಬಹುದು. ಹಬ್ಬ ಕಳೆದ ಮೇಲಿನ ಶನಿವಾರ ಎಂದುಕೊಂಡವರಿಗೆ 25. ಮೇಲನ್ನು ಸೋಮವಾರ ತೆರೆಯುವವರ ಲೆಕ್ಕ ಇನ್ನೊಂದು. ಊರಿಗೆ ಹೋಗುವವರಿಗೆ ಇದು ಸಣ್ಣ ಸಂಗತಿಯಲ್ಲ. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಬುಕಿಂಗ್ ಅವಧಿ 60 ದಿನ. 18ರ ರೈಲಿನ ಟಿಕೆಟ್ ಆಗಸ್ಟ್ 19ಕ್ಕೇ ತೆರೆದಿತ್ತು. ಹಳೆಯ ಪಟ್ಟಿ ನಂಬಿ ಆವತ್ತೇ ಟಿಕೆಟ್ ಮಾಡಿಸಿದವರು ಈಗ 18ಕ್ಕೆ ಕೆಲಸ ಎಂದು ತಿಳಿದು ರದ್ದು ಮಾಡಿದರೆ, ದೀಪಾವಳಿಯ ಹೊತ್ತಿಗೆ ಮತ್ತೆ ಸೀಟು ಸಿಗುವುದು ಕಷ್ಟ. ಲೀಡ್ ಮನಸ್ಸಿನಲ್ಲಿದ್ದದ್ದು 25. ‘ಮುಂದಿನ’, ‘ಬರುವ’, ‘ನಾಳಿದ್ದು’ ಮುಂತಾದ ಪದ ಕಂಡಲ್ಲೆಲ್ಲ ತಾರೀಖು ಬರೆಯದೆ ಬೇರೆ ದಾರಿಯಿಲ್ಲ.

ಪರಿಷ್ಕೃತ ಮೇಲ್‌ಗಳಿಗೇ ಅಂಟಿಕೊಂಡ ಇನ್ನೊಂದು ಅಪಾಯವಿದೆ. ಬದಲಾವಣೆ ಹೇಳುವಾಗ ಇಂಗ್ಲಿಷಿನಲ್ಲಿ ‘ನೌ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ: ಆಫೀಸು ಈಗ ತೆರೆದಿರುತ್ತದೆ, ಈಗ ಮುಚ್ಚಿರುತ್ತದೆ ಎಂದು. ಅದರ ಕೊನೆಯ ಒಂದು ಅಕ್ಷರ ಬದಲಾದರೆ ‘ನಾಟ್’ ಆಗಿ ಇಡೀ ಮಾತು ತಿರುವುಮುರುವಾಗುತ್ತದೆ. ಎರಡೂ ನಿಘಂಟಿನ ಪದಗಳೇ ಆದ್ದರಿಂದ ಕಾಗುಣಿತ ತಪಾಸಣೆಗೆ ಅದು ತಪ್ಪೆಂದು ಕಾಣುವುದಿಲ್ಲ. ಇದನ್ನು ಹಿಡಿಯಲು ಗಟ್ಟಿಯಾಗಿ, ಪದಪದ ಬಿಡಿಸಿ ಓದುವುದೇ ಉಪಾಯ. ಅದಕ್ಕಿಂತ ಒಳ್ಳೆಯದು ಆ ಪದವನ್ನೇ ಬಿಟ್ಟು, ಮೊದಲು ಏನಿತ್ತು, ಇನ್ನು ಮೇಲೆ ಏನು ಎಂದು ಬರೆಯುವುದು.

ಜೊತೆಗಿದ್ದ ಪಟ್ಟಿಯನ್ನು ಟೆಸ್ಟರ್ ಲೀಡ್‌ನ ಫೋಲ್ಡರಿನಿಂದಲ್ಲ, ಕರಡು ಮೇಲ್‌ಗೇ ಅಂಟಿಸಿದ್ದ ಕಡತವನ್ನು ಒತ್ತಿ ತೆರೆದರು. ಅದರಲ್ಲಿದ್ದದ್ದು ಹಳೆಯ ಪಟ್ಟಿ: ನರಕ ಚತುರ್ದಶಿಯ 20, ಬಲಿಪಾಡ್ಯಮಿಯ 22, ಎರಡೇ ರಜೆ. ಹೊಸ ಕಡತ ಬೇರೆ ಹೆಸರಿನಲ್ಲಿ ಫೋಲ್ಡರಿನಲ್ಲೇ ಕೂತಿತ್ತು. ಅದನ್ನೂ ತೆರೆದು ನೋಡಿದಾಗ ಕನ್ನಡ ರಾಜ್ಯೋತ್ಸವದ ಮುಂದೆ 1/11 ಎಂದಿತ್ತು. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವ ರೂಢಿ. ಪಟ್ಟಿಯ ಪ್ರತಿ ಅಲ್ಲಿನ ಕ್ಲೈಂಟ್‌ಗೂ ಹೋಗುವುದಿತ್ತು, ಅವರು ಅದನ್ನು ಜನವರಿ 11 ಎಂದೇ ಓದುತ್ತಾರೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದ ಮೇಲೆ ಆ ತೊಡಕು ಹೋಯಿತು.

ಅರ್ಧ ಗಂಟೆಯ ಬಳಿಕ ಮೇಲ್ ಹೀಗಾಯಿತು:

‘ವಿಷಯ: ದೀಪಾವಳಿ ರಜೆ ಬದಲಾವಣೆ – ಅಕ್ಟೋಬರ್ 21 ರಜೆ, 25 ಕೆಲಸ

ಸೋಮವಾರ, ಅಕ್ಟೋಬರ್ 20: ರಜೆ, ಮೊದಲಿನಂತೆ
ಮಂಗಳವಾರ, ಅಕ್ಟೋಬರ್ 21: ರಜೆ, ಹೊಸದಾಗಿ ಸೇರಿದ್ದು
ಬುಧವಾರ, ಅಕ್ಟೋಬರ್ 22: ರಜೆ, ಮೊದಲಿನಂತೆ
ಗುರುವಾರ, ಅಕ್ಟೋಬರ್ 23: ಕೆಲಸದ ದಿನ. ಕಟ್ಟಡ ಮುಚ್ಚಿರುವುದರಿಂದ ಎಲ್ಲರೂ ಮನೆಯಿಂದ
ಶುಕ್ರವಾರ, ಅಕ್ಟೋಬರ್ 24: ಎಂದಿನಂತೆ ಆಫೀಸಿನಲ್ಲಿ
ಶನಿವಾರ, ಅಕ್ಟೋಬರ್ 25: 21ರ ರಜೆಗೆ ಬದಲಾಗಿ ಕೆಲಸ, ಆಫೀಸಿನಲ್ಲಿ

ಹಿಂದೆ ಕಳಿಸಿದ ಪಟ್ಟಿಯನ್ನು ದಯವಿಟ್ಟು ಬಳಸಬೇಡಿ.’

ಉದ್ದ ಹೆಚ್ಚಾಯಿತಲ್ಲ ಎಂಬುದು ಲೀಡ್‌ನ ಆಕ್ಷೇಪ. ಹೆಚ್ಚಾದದ್ದು ನಿಜ, ಆದರೆ ಇಲ್ಲಿ ಓದುವವರು ಏನನ್ನೂ ಊಹಿಸಬೇಕಿಲ್ಲ. ‘20ರಿಂದ 22ರವರೆಗೆ’ ಎಂದರೆ 22 ಸೇರಿಯೋ, ಬಿಟ್ಟೋ ಎಂಬ ಪ್ರಶ್ನೆಯೂ ಏಳುವುದಿಲ್ಲ. ವಿಷಯದ ಸಾಲಿನಲ್ಲೇ ಬದಲಾದ ಎರಡು ದಿನಗಳಿರುವುದರಿಂದ ಮೇಲ್ ತೆರೆಯದೆ ಫೋನಿನಲ್ಲಿ ಕಣ್ಣಾಡಿಸುವವರಿಗೂ ಮುಖ್ಯ ಸಂಗತಿ ತಲುಪುತ್ತದೆ.

ಕಡೆಗೆ ಟೆಸ್ಟರ್ ಆ ತಿಂಗಳಷ್ಟೇ ಸೇರಿದ್ದ ಹುಡುಗನನ್ನು ಕರೆದು ಓದಿಸಿದರು. “ಅರ್ಥ ಆಯ್ತಾ?” ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೂಂ ಎನ್ನುತ್ತಾರೆ. “ಗುರುವಾರ ನೀನು ಎಲ್ಲಿರ್ತೀಯ?” ಎಂದು ಕೇಳಿದರು. “ಮನೇಲಿ, ಲ್ಯಾಪ್‌ಟಾಪ್ ಮುಂದೆ” ಎಂದ.

ಕಳಿಸಿದ ಮೇಲೆ ತಪ್ಪು ಕಂಡರೆ ಅವಕಾಶ ಕಡಿಮೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ತಡೆಯಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡ್, ಅದೂ ಸೆಟ್ಟಿಂಗ್ ಬದಲಿಸಿಕೊಂಡವರಿಗೆ. ಆಮೇಲೆ ಉಳಿಯುವ ದಾರಿ ತಿದ್ದುಪಡಿಯ ಇನ್ನೊಂದು ಮೇಲ್. ಅದರಲ್ಲೂ ಹಿಂದಿನದರಲ್ಲಿ ಯಾವ ಸಾಲು ತಪ್ಪಿತ್ತು ಎಂದು ಹೇಳದಿದ್ದರೆ ಜನರ ಬಳಿ ಎರಡು ಪಟ್ಟಿ ಉಳಿಯುತ್ತವೆ, ಯಾವುದು ನಿಜ ಎಂದು ಕೇಳಲು ಲೀಡ್‌ಗೆ ಫೋನ್ ಬರತೊಡಗುತ್ತದೆ.

ಈ ಮೇಲ್‌ಗೆ ಬಂದ ಮೊದಲ ಉತ್ತರ ಹುಬ್ಬಳ್ಳಿಯ ಸಹೋದ್ಯೋಗಿಯದು. “ಗುರುವಾರ ಊರಿಂದಲೇ ಕೆಲಸ ಮಾಡಿ ರಾತ್ರಿ ರೈಲು ಹತ್ತುತ್ತೇನೆ, ಶುಕ್ರವಾರ ಬೆಳಿಗ್ಗೆ ಆಫೀಸಿನಲ್ಲಿರುತ್ತೇನೆ.”