ಎಂಟಕ್ಕೆ ಮುಗಿಯಬೇಕಾದ ಕ್ಲಿನಿಕ್ ಒಂಬತ್ತಾದರೂ ಏಕೆ ಮುಗಿಯುವುದಿಲ್ಲ?

ಸಂಜೆ ಐದರಿಂದ ಎಂಟರವರೆಗೆ ನಡೆಯುವ ಒಬ್ಬ ಫಿಸಿಷಿಯನ್ ಕ್ಲಿನಿಕ್ ಎಂದಿಟ್ಟುಕೊಳ್ಳೋಣ. ಪುಸ್ತಕದಲ್ಲಿ ಹತ್ತು ಹತ್ತು ನಿಮಿಷಕ್ಕೆ ಒಬ್ಬರಂತೆ 18 ಹೆಸರು. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೂ ಬಾಗಿಲು ಹಾಕುವಾಗ ದಿನವೂ ಒಂಬತ್ತರ ಹತ್ತಿರ. ಡಾಕ್ಟರು ಹೆಚ್ಚು ಮಾತಾಡುತ್ತಾರೆ, ಪೇಷಂಟುಗಳು ಹೊತ್ತಿಗೆ ಬರುವುದಿಲ್ಲ ಎಂದು ದೂರುವುದು ಸುಲಭ. ತಪ್ಪಿರುವುದು ಹೆಚ್ಚಾಗಿ ಆ ಹತ್ತು ನಿಮಿಷದಲ್ಲಿ. ಅದನ್ನು ಯಾರೂ ಅಳೆದು ಬರೆದಿರುವುದಿಲ್ಲ.

ಅಳೆಯಲು ಬೇಕಾದದ್ದು ಒಂದು ಗಡಿಯಾರ, ಒಂದು ಹಾಳೆ, ಎರಡು ವಾರ. ರಿಸೆಪ್ಷನ್‌ನಲ್ಲಿರುವವರು ಪ್ರತಿಯೊಬ್ಬರೂ ಒಳಗೆ ಹೋದ ಹೊತ್ತನ್ನು ಬರೆದುಕೊಳ್ಳಬೇಕು. ಹೊರಗೆ ಜನ ಕಾದಿರುವಾಗ, ಒಬ್ಬರು ಒಳಹೊಕ್ಕಾಗಿನಿಂದ ಮುಂದಿನವರು ಒಳಹೋಗುವವರೆಗಿನ ಇಡೀ ಅವಧಿಯನ್ನು ಎಣಿಸಬೇಕು. ಚೀಟಿ ಬರೆಯುವುದು, ಕೈ ತೊಳೆಯುವುದು, ಫೋನ್ ಎತ್ತುವುದು, ಎದ್ದು ಬಾಗಿಲವರೆಗೆ ಹೋದವರು ತಿರುಗಿ ‘ಸಾರ್, ಹಾಗೇ ಇವಳ ಬಿಪಿನೂ ಒಂಚೂರು ನೋಡಿಬಿಡಿ’ ಎನ್ನುವುದು, ಎಲ್ಲವೂ ಇದರಲ್ಲೇ ಬರುತ್ತವೆ. ಹೊಸಬರು, ಹಳಬರು, ಬರೀ ರಿಪೋರ್ಟ್ ತೋರಿಸಲು ಬಂದವರು ಎಂದು ಮೂರು ಗುಂಪು ಮಾಡಿ ಸರಾಸರಿ ತೆಗೆಯಬೇಕು.

ನಮ್ಮ ಕ್ಲಿನಿಕ್‌ನಲ್ಲಿ ಹೊಸಬರಿಗೆ 15, ಹಳಬರಿಗೆ 8, ರಿಪೋರ್ಟಿನವರಿಗೆ 4 ನಿಮಿಷ ಬಂತು ಎನ್ನಿ. 18 ಜನರಲ್ಲಿ 7 ಹೊಸಬರು, 11 ಹಳಬರು. ಪುಸ್ತಕದಲ್ಲಿ ಹೆಸರೇ ಇಲ್ಲದ ರಿಪೋರ್ಟಿನವರು 4 ಮಂದಿ. ಒಟ್ಟು 209 ನಿಮಿಷದ ಕೆಲಸ, ಇರುವುದು 180. ಡಾಕ್ಟರು ವಾರ್ಡ್ ಮುಗಿಸಿ ಬರುವುದೇ ಐದೂಕಾಲಿಗೆ. ಹಾಗಾಗಿ ಒಬ್ಬರೂ ತಡಮಾಡದ ದಿನವೂ ಮುಗಿಯುವುದು 8:44ಕ್ಕೆ.

ಸ್ಲಾಟನ್ನು ಸರಾಸರಿಗೆ ಸರಿಯಾಗಿ ಕತ್ತರಿಸಿದರೂ ಸಾಲದು. ಒಬ್ಬರು ಐದು ನಿಮಿಷಕ್ಕೇ ಮುಗಿಸಿ ಹೊರಟಾಗ ಮುಂದಿನವರು ಇನ್ನೂ ಬಂದಿರದಿದ್ದರೆ ಉಳಿದ ನಿಮಿಷಗಳು ಹಾಗೇ ಹೋಗುತ್ತವೆ. ಒಬ್ಬರು ಇಪ್ಪತ್ತು ನಿಮಿಷ ತೆಗೆದುಕೊಂಡರೆ ಆ ತಡ ಹಿಂದಿರುವ ಎಲ್ಲರ ಮೇಲೂ ಬೀಳುತ್ತದೆ. ಉಳಿತಾಯ ಕೂಡಿಕೊಳ್ಳುವುದಿಲ್ಲ, ಸಾಲ ಮಾತ್ರ ಬೆಳೆಯುತ್ತದೆ. ಈ ಎಳೆದಾಟವನ್ನು ಬೈಲಿ ಮತ್ತು ವೆಲ್ಚ್ 1952ರಲ್ಲೇ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಿವರಿಸಿದ್ದರು. ಮೊದಲ ಹೊತ್ತಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಸರಾಸರಿ ಅವಧಿಗೊಬ್ಬರು ಎಂಬುದು ಅವರ ಸೂತ್ರ. ಅದರಿಂದ ಡಾಕ್ಟರ ಹೊತ್ತು ಪೋಲಾಗುವುದು ತಪ್ಪುತ್ತದೆ, ಸೆಷನ್ ಎಳೆಯುವುದಕ್ಕೆ ಮಾತ್ರ ಅದೊಂದೇ ಮದ್ದಲ್ಲ. ಅದಕ್ಕೆ ನಡುನಡುವೆ ಬಿಡುವು ಬೇಕು.

ಹೊಸ ಪಟ್ಟಿ ಹೀಗಿರಬಹುದು. ಬೋರ್ಡಿನ ಮೇಲೆ ನಿಜವನ್ನೇ ಬರೆಯಿರಿ: 5:15ರಿಂದ 8:45. ಹಳಬರಿಗೆ 10 ನಿಮಿಷ, ಹೊಸಬರಿಗೆ 15. ಮೊದಲ ಗಂಟೆಯಲ್ಲಿ 5:15, 5:25, 5:35ಕ್ಕೆ ಹಳಬರು, 5:45 ಮತ್ತು 6:00ಕ್ಕೆ ಹೊಸಬರು. 6:15ರಿಂದ 6:30 ಬಿಡುವು. ಮತ್ತೆ ಇದೇ ಜೋಡಣೆಯ ಒಂದು ಗಂಟೆ, 7:30ರಿಂದ 7:45 ಬಿಡುವು, ಕೊನೆಗೆ ಇನ್ನೊಂದು ಗಂಟೆ. ಒಟ್ಟು 15 ಜನ. ರಿಪೋರ್ಟಿನವರನ್ನು ಬಿಡುವಿನ ಹೊತ್ತಿಗೆ ಇಬ್ಬಿಬ್ಬರಂತೆ ಕರೆದರೆ ಎಂಟು ನಿಮಿಷ ಅವರಿಗೆ, ಮಿಕ್ಕಿದ್ದು ತಡ ತೀರಿಸಲು. ಎಷ್ಟು ಹೊತ್ತು ಹಿಡಿಯುತ್ತದೆಂದು ಹೇಳಲಾಗದವರು ಹೊಸಬರೇ. ಅದಕ್ಕೇ ಅವರನ್ನು ಬಿಡುವಿಗೆ ಸ್ವಲ್ಪ ಮುಂಚೆ ಇಟ್ಟದ್ದು.

ಮೂರು ಜನ ಕಡಿಮೆಯಾದರಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಮೂವರೂ ಬೇಕೆಂದಿದ್ದರೆ ಸೆಷನ್ನನ್ನು ಇನ್ನೂ ಉದ್ದ ಮಾಡಿ ಬೋರ್ಡಿನಲ್ಲಿ ಹಾಗೆಂದೇ ಬರೆಯಬೇಕು. ಸ್ಲಾಟ್ ಕಿರಿದು ಮಾಡಿ ತುರುಕಿದರೆ ಬೆಲೆ ತೆರುವವರು ಕೊನೆಯಲ್ಲಿ ಕೂತವರು. ನನ್ನ ಮಟ್ಟಿಗೆ ಅದು ಅನ್ಯಾಯ.

ಬಿಡುವನ್ನು ಪುಸ್ತಕದಲ್ಲಿ ಖಾಲಿ ಬಿಡಬಾರದು. ಖಾಲಿ ಗೆರೆ ಕಂಡರೆ ‘ನಮ್ಮ ಕಡೆಯವರು, ಒಂದೈದು ನಿಮಿಷ’ ಎನ್ನುವವರು ಅಲ್ಲಿ ಕೂತುಬಿಡುತ್ತಾರೆ. ‘ರಿಪೋರ್ಟ್, ತುರ್ತು’ ಎಂದು ಮೊದಲೇ ಬರೆದಿಡಿ. ಮೆಡಿಕಲ್ ರೆಪ್‌ಗಳು ಬರುವುದು ಸೆಷನ್ ಮುಗಿದ ಮೇಲೆ. ಹೆರಿಗೆಗೆಂದು ಡಾಕ್ಟರು ಎದ್ದು ಓಡಬೇಕಾದ ಕ್ಲಿನಿಕ್‌ಗೆ ಹದಿನೈದು ನಿಮಿಷದ ಬಿಡುವು ಏನೂ ಅಲ್ಲ. ಅಂಥ ದಿನ ಉಳಿದವರಿಗೆ ಫೋನ್ ಮಾಡಿ ಬೇರೆ ಹೊತ್ತು ಕೊಡುವುದೊಂದೇ ದಾರಿ.

ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಕೊಟ್ಟ ಹೊತ್ತು ಮತ್ತು ಒಳಹೋದ ಹೊತ್ತು ಪಕ್ಕಪಕ್ಕದಲ್ಲಿರಲಿ. ಮೊದಲನೆಯವರೇ ತಡವಾಗಿ ಹೋಗಿದ್ದರೆ ತೊಂದರೆ ಶುರುವಿನದು, ಸ್ಲಾಟಿನದಲ್ಲ. ತಡ ಒಬ್ಬರಿಂದ ಒಬ್ಬರಿಗೆ ಎರಡೆರಡು ನಿಮಿಷ ಬೆಳೆಯುತ್ತಾ ಹೋದರೆ ಸ್ಲಾಟ್ ಕಿರಿದು. ಒಮ್ಮೆಲೇ ಹದಿನೈದು ನಿಮಿಷ ಜಿಗಿದಿದ್ದರೆ ಅದು ಒಂದು ಉದ್ದದ ಕೇಸು, ಬಿಡುವು ಇರುವುದೇ ಅದಕ್ಕಾಗಿ. ಬಿಡುವಿನ ನಂತರ ಒಳಹೋಗುವವರ ತಡ ಸೊನ್ನೆಗೆ ಇಳಿಯಬೇಕು. ವಾರದ ಹೆಚ್ಚಿನ ದಿನ 7:45ರಲ್ಲೂ ತಡ ಉಳಿದಿದ್ದರೆ ಎರಡನೇ ಗಂಟೆಯಿಂದ ಒಬ್ಬ ಹಳಬರನ್ನು ಬೇರೆ ದಿನಕ್ಕೆ ಸರಿಸಿ. ಡೆಂಗಿ, ವೈರಲ್ ಜ್ವರಗಳ ಮಳೆಗಾಲದಲ್ಲಿ ಹೊಸಬರೇ ಹೆಚ್ಚಾಗುವುದರಿಂದ ಜೂನ್ ಬಂದಾಗ ಗಡಿಯಾರ, ಹಾಳೆ ಮತ್ತೆ ಹೊರಬರಬೇಕು.