ಬಿಸಿಲೂರಿನ ಕಂಡೆನ್ಸರ್

ಚಳಿಗಾಲದ ಮುಂಜಾನೆ ಸೆಟ್‌ಟಾಪ್ ಬಾಕ್ಸ್ ಹಚ್ಚಿದರೆ ದೀಪ ಮಿಣುಕುತ್ತದೆ, ಚಿತ್ರ ಮಾತ್ರ ಬರುವುದಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟರೆ ತಾನಾಗಿಯೇ ಚಾಲೂ ಆಗುತ್ತದೆ. ಇಂಥ ಪೆಟ್ಟಿಗೆಯಲ್ಲಿ ನಾನು ಮೊದಲು ಅನುಮಾನಿಸುವುದು ಅಡಾಪ್ಟರಿನೊಳಗಿನ ಎಲೆಕ್ಟ್ರೋಲಿಟಿಕ್ ಕಂಡೆನ್ಸರನ್ನು.

ಮಲ್ಟಿಮೀಟರ್ ಹಿಡಿದರೆ ಅದು ನಿರಪರಾಧಿಯಂತೆ ಕಾಣಬಹುದು. ಮೈಮೇಲೆ 1000 ಮೈಕ್ರೋಫ್ಯಾರಡ್ ಎಂದಿದ್ದರೆ ಮೀಟರು 900 ತೋರಿಸುತ್ತದೆ. ಕೆಟ್ಟಿರುವುದು ಅಲ್ಲಲ್ಲ. ಪ್ರತಿ ಕಂಡೆನ್ಸರಿನ ಒಳಗೂ ಅದರ ಜೊತೆ ಸರಣಿಯಲ್ಲಿ ಜೋಡಿಸಿದಂತೆ ಒಂದು ಸಣ್ಣ ರೋಧವಿರುತ್ತದೆ. ರಿಪೇರಿಯವರು ಅದನ್ನು ಇಎಸ್‌ಆರ್ ಎನ್ನುತ್ತಾರೆ. ಒಳಗಿನ ದ್ರವ ಒಣಗಿದಷ್ಟೂ ಅದು ಏರುತ್ತದೆ. ಹೊಸದರಲ್ಲಿ 0.03 ಓಮ್ ಇದ್ದದ್ದು 0.8 ಓಮ್ ಆಯಿತೆನ್ನಿ. ಒಂದು ಆಂಪಿಯರ್ ಏರಿಳಿತದ ಕರೆಂಟು ಹರಿದರೆ, ಮೊದಲು 30 ಮಿಲಿವೋಲ್ಟ್ ಇದ್ದ ಅಲುಗಾಟ ಈಗ 0.8 ವೋಲ್ಟ್. ಒಳಗೆ ಹುಟ್ಟುವ ಶಾಖವೂ ಅದೇ ಪ್ರಮಾಣದಲ್ಲಿ ಏರಿ, ದ್ರವ ಇನ್ನೂ ಬೇಗ ಒಣಗುತ್ತದೆ. ಚಳಿಯಲ್ಲಿ ಉಳಿದ ದ್ರವದ ವಾಹಕತೆ ಕುಗ್ಗುವುದರಿಂದ ರೋಧ ಮತ್ತಷ್ಟು ಹೆಚ್ಚುತ್ತದೆ. ಬಿಸಿಯಾದ ಮೇಲೆ ಪೆಟ್ಟಿಗೆ ಏಳುವುದು ಇದಕ್ಕೇ. ಪ್ಲಗ್ ಕಿತ್ತು, ಚಾರ್ಜ್ ಇಳಿಸಿ, 100 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಇಎಸ್‌ಆರ್ ಮೀಟರ್ ಇಟ್ಟರೆ ರೋಗ ಸಿಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿಯಲ್ಲಿ ಈ ರೋಗ ಬೇಗ ಹತ್ತಲು ಕಾರಣವಿದೆ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಕಂಡೆನ್ಸರ್, ಸ್ಥೂಲ ಲೆಕ್ಕದಲ್ಲಿ, ಪ್ರತಿ 10 ಡಿಗ್ರಿ ಇಳಿದಂತೆ ಎರಡು ಪಟ್ಟು ಬಾಳುತ್ತದೆ. 65 ಡಿಗ್ರಿಯಲ್ಲಿ 32,000 ಗಂಟೆ. ಏಪ್ರಿಲ್–ಮೇನಲ್ಲಿ ಈ ತಾಲ್ಲೂಕುಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಮನೆಯಲ್ಲಿ, ಟಿ.ವಿ. ಹಿಂದೆ ಸಿಕ್ಕಿಸಿದ ಅಡಾಪ್ಟರಿನ ಒಳಗೆ ಅದು 75 ಆದರೆ ಆಯಸ್ಸು 16,000 ಗಂಟೆಗೆ ಇಳಿಯುತ್ತದೆ. ಸದಾ ಪ್ಲಗ್‌ನಲ್ಲೇ ಇದ್ದರೆ ಅದು ಎರಡು ವರ್ಷವೂ ಅಲ್ಲ.

ಹಾಗಾದರೆ ಒಣಗಲು ದ್ರವವೇ ಇಲ್ಲದ ಸೆರಾಮಿಕ್ ಕಂಡೆನ್ಸರ್ ಹಾಕಿದರಾಯಿತಲ್ಲ? ಅದಕ್ಕೂ ತನ್ನದೇ ಮಿತಿಯಿದೆ. 0.1 ಮೈಕ್ರೋಫ್ಯಾರಡ್‌ನ ಬಿಲ್ಲೆಗೆ ಉದ್ದ ಕಾಲು ಬಿಟ್ಟು ಬೆಸುಗೆ ಹಾಕಿದರೆ ಕಾಲುಗಳೇ ಸುಮಾರು 10 ನ್ಯಾನೋಹೆನ್ರಿ ಕಾಯಿಲ್ ಆಗುತ್ತವೆ. ಇವೆರಡೂ 5 ಮೆಗಾಹರ್ಟ್ಸ್ ಹತ್ತಿರ ಅನುರಣಿಸುತ್ತವೆ. ಅದರಾಚೆ ಕಂಡೆನ್ಸರ್ ಕಾಯಿಲ್‌ನಂತೆ ವರ್ತಿಸುತ್ತದೆ. ಡಿಶ್‌ನಿಂದ ಕೆಳಗೆ ಬರುವ ಸಿಗ್ನಲ್ 950 ಮೆಗಾಹರ್ಟ್ಸ್‌ಗಿಂತ ಮೇಲಿನದು. ಟ್ಯೂನರಿನಲ್ಲಿ ಕಾಲಿಲ್ಲದ, ಅಕ್ಕಿಕಾಳಿಗಿಂತ ಚಿಕ್ಕ ಕಂಡೆನ್ಸರುಗಳೇ ಇರುವುದು ಅದಕ್ಕೆ. ಕಾಯಿಲ್‌ನ ಕತೆ ಇದಕ್ಕೆ ತಿರುಗುಮುರುಗು: ಸುತ್ತುಗಳ ನಡುವಿನ ಕೆಪ್ಯಾಸಿಟನ್ಸ್ ತನ್ನ ಅನುರಣನದ ಆಚೆ ಅದನ್ನು ಕಂಡೆನ್ಸರ್ ಮಾಡಿಬಿಡುತ್ತದೆ.

ಇನ್ನೊಂದು ತೊಡಕು ರೆಗ್ಯುಲೇಟರಿನದು. LM1117 ತನ್ನ ಔಟ್‌ಪುಟ್ ಕಂಡೆನ್ಸರಿನಲ್ಲಿ 0.3ರಿಂದ 22 ಓಮ್‌ವರೆಗಿನ ಇಎಸ್‌ಆರ್ ಬೇಡುತ್ತದೆ. ಒಳಗಿನ ಫೀಡ್‌ಬ್ಯಾಕ್ ನೆಲೆ ನಿಲ್ಲುವುದು ಆ ರೋಧದ ಆಸರೆಯಲ್ಲೇ. ಅಲ್ಲಿ ಕೆಲವೇ ಮಿಲಿಓಮ್‌ನ ಸೆರಾಮಿಕ್ ಇಟ್ಟರೆ 3.3 ವೋಲ್ಟ್‌ನ ಗೆರೆ ಆಸಿಲೋಸ್ಕೋಪಿನಲ್ಲಿ ಅಲೆಯಾಗಿ ಕುಣಿಯಬಹುದು. ಆಗ ಟ್ಯಾಂಟಲಮ್ ಹಾಕಬೇಕು, ಇಲ್ಲವೇ ಸೆರಾಮಿಕ್ ಜೊತೆ ಸರಣಿಯಲ್ಲಿ ಅರ್ಧ ಓಮ್‌ನ ರೆಸಿಸ್ಟರ್ ಸೇರಿಸಬೇಕು.