ತೀರ್ಪು ಬರೆದಿರುವುದು ಉತ್ತರದ ಕೆಳಗೆ

ಅಂತರಶಾಲಾ ಇತಿಹಾಸ ರಸಪ್ರಶ್ನೆಯಲ್ಲಿ ಗಲಾಟೆ ಎದ್ದರೆ ಅದು ಬಹುಮಟ್ಟಿಗೆ ಉತ್ತರ ಹೇಳಿದ ಮೇಲೇ ಏಳುತ್ತದೆ. ಮಗು ಹೇಳಿದ ಉತ್ತರ ಅದರ ಪಠ್ಯಪುಸ್ತಕದಲ್ಲಿದೆ, ಕ್ವಿಜ್ ಮಾಸ್ಟರ್ ಕೈಯಲ್ಲಿನ ಹಾಳೆಯಲ್ಲಿ ಬೇರೆಯೇ ಇದೆ. ಪಕ್ಕದಲ್ಲಿ ಕುಳಿತ ಶಿಕ್ಷಕರು ಎದ್ದು ನಿಲ್ಲುತ್ತಾರೆ. ಹೀಗಾಗದಂತೆ ತಡೆಯುವುದು ಪ್ರಶ್ನೆಯ ಕೆಳಗೆ ಬರೆದಿಟ್ಟ ಉತ್ತರ ಟಿಪ್ಪಣಿ. ಒಂದೇ ಪದದ ಉತ್ತರ ಅದಕ್ಕೆ ಸಾಲದು. ಏನನ್ನು ಒಪ್ಪಬೇಕು, ಯಾವುದಕ್ಕೆ ‘ಇನ್ನೂ ಸ್ಪಷ್ಟವಾಗಿ ಹೇಳಿ’ ಎನ್ನಬೇಕು, ಯಾವುದನ್ನು ತಳ್ಳಿಹಾಕಬೇಕು ಎಂಬುದೂ ಅಲ್ಲಿರಬೇಕು.

ಒಂದು ಪ್ರಶ್ನೆ ನೋಡಿ: ‘1565ರ ಯುದ್ಧದಲ್ಲಿ ವಿಜಯನಗರ ಸೋತಾಗ ಸಿಂಹಾಸನದ ಮೇಲಿದ್ದ ಅರಸ ಯಾರು?’ ಉತ್ತರ ಸದಾಶಿವರಾಯ. ಹೆಚ್ಚಿನ ಮಕ್ಕಳು ಅಳಿಯ ರಾಮರಾಯ ಎನ್ನುತ್ತಾರೆ. ಆಡಳಿತ ನಡೆಸುತ್ತಿದ್ದವನೂ ಸೇನೆಯನ್ನು ಮುನ್ನಡೆಸಿದವನೂ ರಾಮರಾಯನೇ ಆದ್ದರಿಂದ ಈ ತಪ್ಪು ಸಹಜ. ಪ್ರಶ್ನೆಯಲ್ಲಿ ‘ಸಿಂಹಾಸನದ ಮೇಲಿದ್ದ’ ಎಂಬ ಮಾತು ಇರುವುದರಿಂದ ಆ ಉತ್ತರವನ್ನು ನಿರಾಕರಿಸಬಹುದು. ಅದರ ಬದಲು ‘ವಿಜಯನಗರದ ಕಡೆಯವರು ಯಾರು’ ಎಂದಷ್ಟೇ ಕೇಳಿದ್ದರೆ ಎರಡನ್ನೂ ಒಪ್ಪಬೇಕಾಗುತ್ತಿತ್ತು. ಯುದ್ಧದ ಹೆಸರನ್ನೇ ಕೇಳುವುದಾದರೆ ತಾಳಿಕೋಟೆ, ರಕ್ಕಸ-ತಂಗಡಿ, ಬನ್ನಿಹಟ್ಟಿ ಮೂರನ್ನೂ ‘ಒಪ್ಪಿ’ ಎಂಬ ಸಾಲಿನಲ್ಲಿ ಬರೆದಿಡಿ.

ಮರುಪ್ರಶ್ನೆಗೆ ಒಳ್ಳೆಯ ಉದಾಹರಣೆ ಮೈಸೂರಿನದೇ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಮಹಾರಾಜರು ಯಾರು? ‘ಕೃಷ್ಣರಾಜ ಒಡೆಯರ್’ ಎಂದು ತಂಡ ನಿಲ್ಲಿಸಿದರೆ ಅದು ತಪ್ಪೂ ಅಲ್ಲ, ಪೂರ್ತಿಯೂ ಅಲ್ಲ. ಟಿಪ್ಪಣಿಯಲ್ಲಿ ‘ಎಷ್ಟನೆಯವರು ಎಂದು ಒಮ್ಮೆ ಮಾತ್ರ ಕೇಳಿ, ನಾಲ್ವಡಿ ಎಂದರೆ ಅಂಕ, ಮುಮ್ಮಡಿ ಎಂದರೆ ಇಲ್ಲ’ ಎಂದು ಬರೆದಿದ್ದರೆ ಪ್ರತಿ ತಂಡಕ್ಕೂ ಒಂದೇ ನ್ಯಾಯ ಸಿಗುತ್ತದೆ.

ನನ್ನ ಮಟ್ಟಿಗೆ ಅತ್ಯಂತ ಅಪಾಯದ ಪದ ‘ಮೊದಲ’. ಕನ್ನಡದ ಮೊದಲ ಶಾಸನ ಯಾವುದು ಎಂದರೆ ಹಲ್ಮಿಡಿ ಎಂದು ತಲೆಮಾರುಗಳೇ ಕಲಿತಿವೆ. ಆದರೆ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರ ಸುಮಾರಿನದು ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಹೇಳಿದೆ; ಹಲ್ಮಿಡಿ ಶಾಸನದ ಕಾಲ ಸುಮಾರು 450. ಹೊಸ ಪುಸ್ತಕ ಓದಿದ ಮಗುವಿಗೂ ಹಳೆಯ ಪುಸ್ತಕ ಓದಿದ ಮಗುವಿಗೂ ಅನ್ಯಾಯವಾಗಬಾರದು. ಅದಕ್ಕೇ ಪ್ರಶ್ನೆಯನ್ನು ಹೀಗೆ ತಿದ್ದಬೇಕು: ‘1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನಲ್ಲಿ ಗುರುತಿಸಿದ, ಕದಂಬ ಅರಸ ಕಾಕುತ್ಸ್ಥನ ಹೆಸರಿರುವ ಶಾಸನ ಯಾವುದು?’ ಈಗ ಉತ್ತರ ಒಂದೇ, ಜಗಳವಿಲ್ಲ.

ಸುತ್ತುಗಳಲ್ಲಿ ಕಟ್ಟಲು ಕಷ್ಟವಾದದ್ದು ಸುಳಿವಿನ ಸುತ್ತು. ಮೊದಲ ಸುಳಿವಿಗೇ ಹೇಳಿದರೆ 20, ಆಮೇಲೆ 15, 10, 5 ಅಂಕ. ವ್ಯಕ್ತಿ ಯಾರೆಂದು ಕೇಳೋಣ. ಒಂದು: ನಾನು ಜೈನ ಕವಿ, ನನ್ನ ಕಾವ್ಯವನ್ನು ದೇವಾಲಯದ ಗೋಡೆಯ ಕಲ್ಲಿನಲ್ಲಿ ಓದಬಹುದು. ಎರಡು: ಆ ಕಾವ್ಯಕ್ಕೆ ಶಕವರ್ಷ 556ರ ಕಾಲಗುರುತು ಇದೆ. ಮೂರು: ಕಾಳಿದಾಸ, ಭಾರವಿಯರ ಕೀರ್ತಿಗೆ ನನ್ನ ಕೀರ್ತಿಯನ್ನು ಹೋಲಿಸಿಕೊಂಡಿದ್ದೇನೆ. ನಾಲ್ಕು: ಐಹೊಳೆಯ ಮೇಗುತಿಯಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳಿದವನು ನಾನೇ. ಉತ್ತರ ರವಿಕೀರ್ತಿ. ಪುಲಕೇಶಿಯ ಹೆಸರು ಮೊದಲೇ ಬಂದಿದ್ದರೆ ಉಳಿದ ಮೂರು ಸುಳಿವುಗಳಿಗೆ ಕೆಲಸವೇ ಇರುತ್ತಿರಲಿಲ್ಲ. ಟಿಪ್ಪಣಿಯಲ್ಲಿ ಎರಡು ಮಾತು ಸೇರಿಸಿ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 634 ಬರುತ್ತದೆ, ಶಕವರ್ಷ ಚೈತ್ರಕ್ಕೆ ಶುರುವಾಗುವುದರಿಂದ ಪುಸ್ತಕಗಳಲ್ಲಿ 634-35 ಎಂದಿರುತ್ತದೆ, ವರ್ಷ ಕೇಳಿದಾಗ ಎರಡನ್ನೂ ಒಪ್ಪಬೇಕು. ಹರಿಷೇಣ ಎಂದವರಿಗೆ ಅಂಕವಿಲ್ಲ. ಆತ ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದ ಕವಿ.

ಇನ್ನು ಪಾಸ್ ಆಗುವ ಪ್ರಶ್ನೆಗಳು. ದುರ್ಬಲ ತಂಡದ ಪಕ್ಕದಲ್ಲಿ ಕುಳಿತವರಿಗೆ ಪಾಸ್ ಆದ ಪ್ರಶ್ನೆಗಳೇ ರಾಶಿಯಾಗಿ ಬಂದುಬಿಡುತ್ತವೆ. ಆರು ತಂಡಗಳಲ್ಲಿ ಮೊದಲನೆಯದಕ್ಕೆ ಕೇಳಿದ ಪ್ರಶ್ನೆಗೆ ಮೂರನೆಯ ತಂಡ ಉತ್ತರಿಸಿತು ಅನ್ನಿ, ಮುಂದಿನ ಪ್ರಶ್ನೆಯನ್ನು ನಾಲ್ಕನೆಯ ತಂಡದಿಂದ ಆರಂಭಿಸಿ. ಸುತ್ತಿನ ಅರ್ಧಕ್ಕೆ ದಿಕ್ಕನ್ನು ತಿರುಗಿಸಿ, ಆರನೆಯ ತಂಡದಿಂದ ಹಿಂದಕ್ಕೆ ಬನ್ನಿ. ಈ ನಿಯಮವನ್ನು ಸುತ್ತಿನ ಮೊದಲ ಸಾಲಿನಲ್ಲೇ ಬರೆದು, ಓದಿ ಹೇಳಬೇಕು.

ಅಂಕ ಸಮವಾದರೆ ವರ್ಷ ಊಹಿಸುವ ಪ್ರಶ್ನೆ ಅನುಕೂಲ: ‘ಹೈದರಾಲಿ ತೀರಿಕೊಂಡ ವರ್ಷ ಯಾವುದು?’ ಇಬ್ಬರೂ ಚೀಟಿಯಲ್ಲಿ ಬರೆದು ಮಡಚಿ ಕೊಡಲಿ, 1782ಕ್ಕೆ ಹತ್ತಿರವಿದ್ದವರು ಗೆಲ್ಲಲಿ. ಒಬ್ಬರು 1780, ಇನ್ನೊಬ್ಬರು 1784 ಎಂದು ಬರೆದು ಮತ್ತೆ ಸಮವಾಗಬಹುದು. ಆದ್ದರಿಂದ ಇಂಥ ಮೂರು ಪ್ರಶ್ನೆಗಳನ್ನು ಬೇರೆಯೇ ಲಕೋಟೆಯಲ್ಲಿ ಇಟ್ಟುಕೊಳ್ಳಿ.